40 ನಿಮಿಷದ ಪಿರಿಯಡ್: ವಿವರಣೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಅಭ್ಯಾಸ ಮಾಡಿಸುವುದು ಯಾವಾಗ?

ಹತ್ತನೇ ತರಗತಿ ಗಣಿತ

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪಾಠ ಯೋಜನೆಯಲ್ಲಿ ಎಲ್ಲರ ಹಾಗೆ ನಾನೂ ಬರೆಯುತ್ತೇನೆ: ಪೀಠಿಕೆ 5 ನಿಮಿಷ, ವಿವರಣೆ 15, ಅಭ್ಯಾಸ 15, ಮೌಲ್ಯಮಾಪನ 5. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ತರಗತಿಯಲ್ಲಿ ಆಗುವುದೇ ಬೇರೆ.

ಸಮಾಂತರ ಶ್ರೇಢಿಯ n-ನೇ ಪದ ಕಂಡುಹಿಡಿಯುವ ಪಾಠದ ದಿನ ಮುಂದಿನ ಬೆಂಚಿನ ಹುಡುಗಿಗೆ ಗಡಿಯಾರ ನೋಡಿ ಸಮಯ ಬರೆದಿಡಲು ಹೇಳಿದ್ದೆ. ಅವಳು ಬರೆದದ್ದು ಹೀಗಿದೆ. 11:20ಕ್ಕೆ ಗಂಟೆ. 11:23ಕ್ಕೆ ನಾನು ಒಳಗೆ ಬಂದೆ. 11:26ಕ್ಕೆ ಬೋರ್ಡು ಒರೆಸಿ, ದಿನಾಂಕ ಮತ್ತು ಪಾಠದ ಹೆಸರು ಬರೆದು ಮುಗಿಯಿತು. 11:43ರವರೆಗೆ ಸೂತ್ರದ ವಿವರಣೆ. 11:49ಕ್ಕೆ ಮೊದಲ ಉದಾಹರಣೆ, 11:56ಕ್ಕೆ ಎರಡನೆಯದು ಮುಗಿಯಿತು. ಮೂರನೆಯದು ಅರ್ಧವಾಗಿದ್ದಾಗ 12 ಗಂಟೆಯ ಬೆಲ್. ಬಾಗಿಲಲ್ಲಿ ನಿಂತು "ಅಭ್ಯಾಸದ ಮೊದಲ ಐದು ಲೆಕ್ಕ ಮಾಡಿಕೊಂಡು ಬನ್ನಿ" ಎಂದೆ.

ಮರುದಿನ ತಂದ ನೋಟ್‌ಬುಕ್‌ಗಳಲ್ಲಿ ಐದಾರು ಮಕ್ಕಳದ್ದು ಸ್ವಂತ ಕೆಲಸ, ಉಳಿದದ್ದೆಲ್ಲ ಆ ಐದಾರರ ನಕಲು. ಅಭ್ಯಾಸಕ್ಕೂ ಮರುನೋಟಕ್ಕೂ ಸಮಯ ಉಳಿಸಿಕೊಳ್ಳುವವರು ಇಲ್ಲಿ ಇದ್ದೀರಾ? ಇದ್ದರೆ ನಿಮಿಷ ನಿಮಿಷವಾಗಿ ಹೇಳಿ. "ಯೋಜನೆ ಮಾಡಿಕೊಳ್ಳಿ" ಎಂಬ ಉತ್ತರ ಬೇಡ, ಯೋಜನೆ ಇದೆ.

ಹೊಸ ಮೇಷ್ಟ್ರು

ಮೇಡಂ, ತೊಂದರೆ ನಿಮ್ಮ 17 ನಿಮಿಷದ ವಿವರಣೆಯಲ್ಲೇ ಇದೆ. ಮಕ್ಕಳ ಗಮನ 10 ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಸಂಶೋಧನೆ ಹೇಳುತ್ತದೆ. ಹತ್ತು ನಿಮಿಷ ಹೇಳಿ ನಿಲ್ಲಿಸಿ, ಉಳಿದ ಮೂವತ್ತು ನಿಮಿಷ ಮಕ್ಕಳೇ ಮಾಡಲಿ. ಶಿಕ್ಷಕರು ಕಡಿಮೆ ಮಾತನಾಡಿದಷ್ಟೂ ಕಲಿಕೆ ಹೆಚ್ಚು.

ಮುಳ್ಳಯ್ಯನಗಿರಿ

ವೇಳಾಪಟ್ಟಿ ಹಾಕುವ ಜವಾಬ್ದಾರಿ ನಮ್ಮ ಶಾಲೆಯಲ್ಲಿ ನನ್ನದು. ದಿನಕ್ಕೆ ಎಂಟು ಪಿರಿಯಡ್ ಬದಲು ಏಳು ಮಾಡಿದರೆ ಒಂದೊಂದಕ್ಕೂ 45 ನಿಮಿಷ ಸಿಗುತ್ತದೆ. ಮುಖ್ಯೋಪಾಧ್ಯಾಯರ ಬಳಿ ಮಾತನಾಡಿ. ಎರಡು ವಿಭಾಗಕ್ಕೆ ಒಬ್ಬರೇ ಶಿಕ್ಷಕರಿದ್ದಾಗ ಪಿರಿಯಡ್ ಡಿಕ್ಕಿಯಾಗದಂತೆ ಹಾಕುವುದು ಹೇಗೆ ಎಂದು ಬೇಕಾದರೆ ನನ್ನ ಪಟ್ಟಿಯ ಚಿತ್ರ ಹಾಕುತ್ತೇನೆ.

ಹತ್ತನೇ ತರಗತಿ ಗಣಿತ

ಸರ್, ನಾನು ಕೇಳಿದ್ದು ವೇಳಾಪಟ್ಟಿಯ ಬಗ್ಗೆ ಅಲ್ಲ. ನನ್ನ ರೂಢಿ ನೋಡಿದರೆ 45 ಕೊಟ್ಟರೆ ಮೂರನೇ ಉದಾಹರಣೆ ಪೂರ್ತಿಯಾಗುತ್ತದೆ, ಅಷ್ಟೇ.

ಕನ್ನಡ ಪಂಡಿತ

ಇದು ನಿಜ. ಶನಿವಾರ ಬೆಳಗಿನ ಶಾಲೆಯಲ್ಲಿ ಪಿರಿಯಡ್ ಚಿಕ್ಕದು, ಆದರೂ ನನ್ನ ಪದ್ಯ ಮುಗಿಯುತ್ತದೆ. ಸೋಮವಾರ ದೊಡ್ಡ ಪಿರಿಯಡ್ಡಿನಲ್ಲಿ ಅದೇ ಪದ್ಯ ಮುಗಿಯುವುದಿಲ್ಲ. ಏಕೆಂದು ನನಗೂ ಗೊತ್ತಿಲ್ಲ.

ಸೀಮೆಸುಣ್ಣ

ನಾನು ನಿವೃತ್ತಳಾಗಿ ಮೂರು ವರ್ಷವಾಯಿತು, ಗಣಿತವೇ ಕಲಿಸುತ್ತಿದ್ದೆ. ಸಮಯ ಬರೆಸಿದ್ದು ಒಳ್ಳೆಯ ಕೆಲಸ, ಹೆಚ್ಚಿನವರು ಅದನ್ನೂ ಮಾಡುವುದಿಲ್ಲ. ಸಲಹೆಗೆ ಮೊದಲು ಒಂದು ಪ್ರಶ್ನೆ. ಎರಡನೇ ಉದಾಹರಣೆಗೆ ಏಳು ನಿಮಿಷ ಹಿಡಿದಿದೆ. ಆ ಏಳು ನಿಮಿಷದಲ್ಲಿ ಬೋರ್ಡಿನ ಮೇಲೆ ಯಾರು, ಏನು ಬರೆಯುತ್ತಿದ್ದರು? ಮಕ್ಕಳು ಏನು ಮಾಡುತ್ತಿದ್ದರು?

ಹತ್ತನೇ ತರಗತಿ ಗಣಿತ

ಪ್ರಶ್ನೆಯನ್ನು ಪೂರ್ತಿಯಾಗಿ ಬೋರ್ಡಿನ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ಆಮೇಲೆ ದತ್ತಾಂಶ, ಸೂತ್ರ, ಆದೇಶ, ಉತ್ತರ. ಹಂತ ಹಂತವಾಗಿ ಹೇಳುತ್ತಾ ಬರೆದೆ. ನಡುವೆ ಎರಡು ಬಾರಿ ಹಿಂದಿನ ಬೆಂಚಿನವರು "ಒರೆಸಬೇಡಿ ಮೇಡಂ, ಇನ್ನೂ ಬರೆದಿಲ್ಲ" ಎಂದರು, ಕಾದೆ.

ಸೀಮೆಸುಣ್ಣ

ಅದನ್ನೇ ಕೇಳಬೇಕಿತ್ತು. ಆ ಏಳು ನಿಮಿಷದಲ್ಲಿ ಗಣಿತ ಇದ್ದದ್ದು ಹೆಚ್ಚೆಂದರೆ ಮೂರು ನಿಮಿಷ, ಉಳಿದದ್ದು ಬರವಣಿಗೆ. ಪಠ್ಯಪುಸ್ತಕ ಎಲ್ಲರ ಡೆಸ್ಕಿನ ಮೇಲೂ ಇದೆ, ಅದರಲ್ಲಿರುವ ಪ್ರಶ್ನೆಯನ್ನು ಮತ್ತೆ ಬೋರ್ಡಿಗೆ ಏರಿಸುವುದು ಯಾರಿಗಾಗಿ? "ಪುಟ ತೆಗೆಯಿರಿ, ನಾಲ್ಕನೇ ಲೆಕ್ಕ" ಎಂದರೆ ಹತ್ತು ಸೆಕೆಂಡು. ಬೋರ್ಡಿಗೆ ಬರಬೇಕಾದದ್ದು ಸಂಖ್ಯೆಗಳು ಮತ್ತು ಹೆಜ್ಜೆಗಳು ಮಾತ್ರ. ಎರಡನೆಯದಾಗಿ, ನೀವು ಬಿಡಿಸುವಾಗ ಮಕ್ಕಳು ಪೆನ್ನು ಕೆಳಗಿಟ್ಟು ನೋಡಬೇಕು. ಬರೆಯುತ್ತಾ ಕೇಳುವ ಮಗು ಎರಡನ್ನೂ ಅರ್ಧರ್ಧ ಮಾಡುತ್ತದೆ. ಬಿಡಿಸಿ ಮುಗಿದ ಮೇಲೆ ಒಂದೂವರೆ ನಿಮಿಷ ಬರೆದುಕೊಳ್ಳಲು ಕೊಡಿ. ಆಗ ನೀವು ಬೋರ್ಡಿನ ಮುಂದೆ ನಿಲ್ಲದೆ ಕೊನೆಯ ಬೆಂಚಿಗೆ ನಡೆದು ಹೋಗಬಹುದು.

ಇನ್ನು ನಿಮ್ಮ 40 ನಿಮಿಷ. ನಿಮ್ಮ ಕೈಗೆ ಸಿಗುವುದು 37, ಏಕೆಂದರೆ ಮೂರು ನಿಮಿಷ ಕೊಠಡಿ ಬದಲಾವಣೆಗೆ ಹೋಗುತ್ತದೆ. ಇದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ. ಮತ್ತು "ವಿವರಣೆ 15 ನಿಮಿಷ" ಎಂದು ಬರೆಯಬೇಡಿ. ಎರಡು ನಿಮಿಷ ತಡವಾಗಿ ಶುರುವಾದರೆ ಆ 15 ಹಾಗೇ ಮುಂದಕ್ಕೆ ಜರುಗಿ ಕೊನೆಯದನ್ನು ತಿನ್ನುತ್ತದೆ. ಗಡಿಯಾರದ ಸಮಯವನ್ನೇ ಬರೆಯಿರಿ, ಅದೂ ಕೊನೆಯಿಂದ ಹಿಂದಕ್ಕೆ. 11:58ಕ್ಕೆ ಮನೆಗೆಲಸ ಹೇಳುವುದು. 11:53ಕ್ಕೆ ಮರುನೋಟ. 11:40ಕ್ಕೆ ಅಭ್ಯಾಸ. 11:27ಕ್ಕೆ ಹೊಸ ವಿಷಯ. 11:23ರಿಂದ 11:27ರವರೆಗೆ ಹಿಂದಿನ ದಿನದ ಎರಡು ಲೆಕ್ಕ. ನೀವು 11:25ಕ್ಕೆ ಬಂದರೆ ಕಡಿಮೆಯಾಗಬೇಕಾದದ್ದು ಮೊದಲ ಭಾಗ, ಕೊನೆಯದಲ್ಲ. 11:40 ಮತ್ತು 11:53 ಕದಲಬಾರದು.

ತುಂಗಾತೀರ

ಹೇಳಲು ಚೆನ್ನಾಗಿದೆ. 11:40ಕ್ಕೆ ಸೂತ್ರವೇ ಅರ್ಥವಾಗಿರದಿದ್ದರೆ? ಅರ್ಥವಾಗದ ವಿಷಯವನ್ನು ಅಭ್ಯಾಸ ಮಾಡಿಸಿದರೆ ತಪ್ಪನ್ನೇ ಅಭ್ಯಾಸ ಮಾಡಿಸಿದಂತೆ. ನಾನು ಹದಿನೆಂಟು ವರ್ಷದಿಂದ ಎಸ್‌ಎಸ್‌ಎಲ್‌ಸಿ ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಪರಿಕಲ್ಪನೆ ಗಟ್ಟಿಯಾಗಲಿ. ಅಭ್ಯಾಸಕ್ಕೆ ಸಂಜೆಯ ವಿಶೇಷ ತರಗತಿ ಇದೆ, ಮನೆ ಇದೆ.

ಇಬ್ಬರು ಮಕ್ಕಳ ತಾಯಿ

ಮನೆ ಇದೆ ಎಂದಿರಲ್ಲ, ಆ ಮನೆಯವಳು ನಾನು. ಮಗ ರಾತ್ರಿ ಎಂಟಕ್ಕೆ ಗಣಿತದ ಪುಸ್ತಕ ತೆರೆದು "ಅಮ್ಮಾ, ಇದು ಹೇಗೆ?" ಎನ್ನುತ್ತಾನೆ. ನಾನು ಓದಿದ್ದು ಕಲಾ ವಿಭಾಗ. ಅವರ ಅಪ್ಪ ಬರುವುದು ಹತ್ತಕ್ಕೆ. ಕೊನೆಗೆ ಗೆಳೆಯನ ನೋಟ್‌ಬುಕ್ಕಿನ ಫೋಟೋ ವಾಟ್ಸ್‌ಆಪ್‌ನಲ್ಲಿ ಬರುತ್ತದೆ, ಇವನು ಬರೆದು ಮಲಗುತ್ತಾನೆ. ಶಾಲೆಯಲ್ಲಿ ಒಂದೇ ಒಂದು ಲೆಕ್ಕವನ್ನಾದರೂ ತಾನಾಗಿ ಮಾಡಿ ಬಂದಿದ್ದ ದಿನ ಹೀಗಾಗುವುದಿಲ್ಲ.

ಹೊಸ ಮೇಷ್ಟ್ರು

ಅದಕ್ಕೇ ಹೇಳಿದ್ದು, ವಿವರಣೆ 10 ನಿಮಿಷ ಸಾಕು.

ತರಬೇತಿ ಕಾಲೇಜಿನ ಮಾಸ್ತರ

ಹೊಸ ಮೇಷ್ಟ್ರೇ, ಅರ್ಧ ನಿಮ್ಮ ಜೊತೆಗಿದ್ದೇನೆ. ಅಭ್ಯಾಸಕ್ಕೆ ಜಾಗ ಬೇಕು ಎಂಬುದು ಸರಿ. ಆದರೆ 10 ನಿಮಿಷದ ಗಮನ ಎಂಬುದು ಕಾಲೇಜು ಉಪನ್ಯಾಸಗಳ ಸುತ್ತ ಬೆಳೆದ ಮಾತು, ಅದಕ್ಕೂ ಗಟ್ಟಿ ಆಧಾರವಿಲ್ಲ. ಶಿಕ್ಷಕರು ಕಡಿಮೆ ಮಾತನಾಡಿದಷ್ಟೂ ಒಳ್ಳೆಯದು ಎಂಬುದಂತೂ ಗಣಿತದಲ್ಲಿ ಹಾಗೆಯೇ ನಿಲ್ಲುವುದಿಲ್ಲ. ಬರಾಕ್ ರೋಸೆನ್‌ಶೈನ್ 2012ರ ಲೇಖನದಲ್ಲಿ ಹೇಳಿರುವಂತೆ, ಹೆಚ್ಚು ಪರಿಣಾಮಕಾರಿಯಾದ ಗಣಿತ ಶಿಕ್ಷಕರು 40 ನಿಮಿಷದ ಪಿರಿಯಡ್ಡಿನಲ್ಲಿ ಸುಮಾರು 23 ನಿಮಿಷವನ್ನು ವಿವರಣೆ, ಪ್ರಶ್ನೋತ್ತರ, ಉದಾಹರಣೆ ಬಿಡಿಸುವುದಕ್ಕೆ ಕೊಡುತ್ತಿದ್ದರು. ಕಡಿಮೆ ಪರಿಣಾಮಕಾರಿಯಾದವರು ಕೊಡುತ್ತಿದ್ದದ್ದು 11 ನಿಮಿಷ. ಸರಿಯಾಗಿ ಹೇಳಿಸಿಕೊಳ್ಳದ ಮಕ್ಕಳು ಅಭ್ಯಾಸದಲ್ಲಿ ಪದೇ ಪದೇ ಎಡವುತ್ತಿದ್ದರು, ಮತ್ತೆ ಹೇಳಿಕೊಡಬೇಕಾಗುತ್ತಿತ್ತು. ಈ ವಿಷಯದಲ್ಲಿ ತುಂಗಾತೀರ ಅವರ ಆತಂಕ ನ್ಯಾಯವಾದದ್ದೇ.

ಆದರೆ ಆ 23ರಲ್ಲಿ ಪ್ರಶ್ನೆ ಕೇಳುವುದು, ಮಕ್ಕಳಿಂದ ಹೇಳಿಸುವುದು ಎಲ್ಲವೂ ಸೇರಿದೆ. ಒಂದೇ ಸಮನೆ ಶಿಕ್ಷಕರು ಮಾತನಾಡಿದ 23 ನಿಮಿಷ ಅದಲ್ಲ. ಥಾಮಸ್ ಗುಡ್ ಮತ್ತು ಡಗ್ಲಾಸ್ ಗ್ರೌಸ್ ಅಮೆರಿಕದಲ್ಲಿ ನಾಲ್ಕನೇ ತರಗತಿಯ ಗಣಿತ ಶಿಕ್ಷಕರೊಂದಿಗೆ ಪ್ರಯೋಗ ಮಾಡಿ 1979ರಲ್ಲಿ ಪ್ರಕಟಿಸಿದ ಕ್ರಮವೂ ಇದೆ: ಸುಮಾರು 8 ನಿಮಿಷ ಮರುನೋಟ, 20 ನಿಮಿಷ ಹೊಸ ವಿಷಯ, 15 ನಿಮಿಷ ಕುಳಿತಲ್ಲೇ ಅಭ್ಯಾಸ, ಆಮೇಲೆ ಸಣ್ಣ ಮನೆಗೆಲಸ.

ಕನ್ನಡ ಪಂಡಿತ

8, 20, 15. ಮಾಸ್ತರೇ, ನಾನು ಗಣಿತದವನಲ್ಲ, ಆದರೂ ಅದು 43 ಆಗುತ್ತದೆ.

ತರಬೇತಿ ಕಾಲೇಜಿನ ಮಾಸ್ತರ

ಆಗುತ್ತದೆ! ಅವರ ಪಿರಿಯಡ್ ನಮ್ಮದಕ್ಕಿಂತ ಉದ್ದವಿತ್ತು. ಹಾಗೆಯೇ ನಕಲು ಮಾಡಲು ಹೇಳುತ್ತಿಲ್ಲ. ಆ ಕ್ರಮದಲ್ಲಿ ಮೂರಕ್ಕೂ ಪ್ರತಿದಿನ ಜಾಗ ಇತ್ತು ಎಂಬುದನ್ನಷ್ಟೇ ತೋರಿಸಿದೆ.

ತುಂಗಾತೀರ

ಅಮೆರಿಕದ ನಾಲ್ಕನೇ ತರಗತಿ ಎಲ್ಲಿ, ನಮ್ಮ ಹತ್ತನೇ ತರಗತಿ ಎಲ್ಲಿ. ಅವರಿಗೆ ಡಿಸೆಂಬರ್‌ಗೆ ಪೋರ್ಷನ್ ಮುಗಿಸಿ ಜನವರಿಗೆ ಪೂರ್ವಸಿದ್ಧತಾ ಪರೀಕ್ಷೆ ಎದುರಿಸುವ ಒತ್ತಡ ಇರಲಿಲ್ಲ.

ಸೀಮೆಸುಣ್ಣ

ಪೋರ್ಷನ್ನಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು 11:40ಕ್ಕೆ ಅರ್ಥವಾಗಿರದಿದ್ದರೆ ಏನು ಎಂಬ ಪ್ರಶ್ನೆ, ಅದು ಒಳ್ಳೆಯ ಪ್ರಶ್ನೆ.

ಅರ್ಥವಾಗಿದೆಯೋ ಇಲ್ಲವೋ ಎಂದು ನಿಮಗೆ ಗೊತ್ತಾಗುವುದು ಹೇಗೆ ಸರ್? "ಅರ್ಥವಾಯಿತಾ?" ಎಂದರೆ ಇಡೀ ತರಗತಿ "ಹೂಂ ಸರ್" ಎನ್ನುತ್ತದೆ. ಮಕ್ಕಳಿಂದ ಬರೆಸದೆ ಅದು ತಿಳಿಯುವುದಿಲ್ಲ. ಅಭ್ಯಾಸವೇ ಆ ಪರೀಕ್ಷೆ. ಮೇಡಂ ಹೇಳಿದ ಪಾಠವನ್ನೇ ತೆಗೆದುಕೊಂಡು ತೋರಿಸುತ್ತೇನೆ.

11:23ಕ್ಕೆ ಬೋರ್ಡಿನ ಮೂಲೆಯಲ್ಲಿ ಎರಡು ಶ್ರೇಢಿ ಬರೆಯಿರಿ: 4, 9, 14 ಮತ್ತು 12, 10, 8. ಎರಡರ ಸಾಮಾನ್ಯ ವ್ಯತ್ಯಾಸ ಕೇಳಿ. ಹಿಂದಿನ ದಿನದ ಪಾಠವೇ ಅದು. ಎರಡನೆಯದಕ್ಕೆ 2 ಎನ್ನುವ ಮಕ್ಕಳು ಇದ್ದೇ ಇರುತ್ತಾರೆ, ಬೇಕಾದದ್ದು −2. ಅದು ಆಗಲೇ ಸರಿಯಾಗದಿದ್ದರೆ ಆ ದಿನದ ಸೂತ್ರ ಎಷ್ಟು ಚೆನ್ನಾಗಿ ಹೇಳಿದರೂ ಮುಂದೆ ಉತ್ತರ ತಪ್ಪುತ್ತದೆ. ಮಕ್ಕಳು ಬಿಡಿಸುತ್ತಿರುವಾಗಲೇ ನೀವು ಡಸ್ಟರ್ ಹಿಡಿದು ಉಳಿದ ಬೋರ್ಡು ಒರೆಸಿಕೊಳ್ಳಿ. ಒರೆಸಲು, ದಿನಾಂಕ ಬರೆಯಲು ಹೋದ ನಿಮ್ಮ ಮೂರು ನಿಮಿಷ ಅಲ್ಲಿ ವಾಪಸ್ಸು ಬಂತು.

11:27. ಸೂತ್ರವನ್ನು a1, a2, a3 ಎಂದು ಸಾಮಾನ್ಯ ರೂಪದಲ್ಲಿ ಶುರು ಮಾಡಬೇಡಿ, ನಿಮ್ಮ 17 ನಿಮಿಷ ಅಲ್ಲೇ ಹೋಗಿರಬೇಕು. 7, 11, 15, 19 ಬರೆಯಿರಿ. ಒಂದರಿಂದ ಇನ್ನೊಂದಕ್ಕೆ ಬಾಗಿದ ಬಾಣದ ಗುರುತು ಹಾಕುತ್ತಾ ಹೋಗಿ. ನಾಲ್ಕನೇ ಪದಕ್ಕೆ ಬರಲು ಎಷ್ಟು ಜಿಗಿತ? ಮೂರು. ಹತ್ತನೆಯದಕ್ಕೆ? ಒಂಬತ್ತು. ಇಪ್ಪತ್ತನೆಯದಕ್ಕೆ? ಇಲ್ಲಿ ನಿಲ್ಲಿ, ಹೇಳಲು ಬಿಡಿ. ಹತ್ತೊಂಬತ್ತು ಎಂದು ಅವರ ಬಾಯಿಂದಲೇ ಬಂದ ಮೇಲೆ 7 + 19 × 4 = 83 ಎಂದು ಬರೆಯಿರಿ. ಆಮೇಲೆ a + (n − 1)d ಬರೆದರೆ ಅದು ಅವರಿಗೆ ಗೊತ್ತಿರುವುದಕ್ಕೇ ಇಟ್ಟ ಹೆಸರಾಗುತ್ತದೆ. ಇದಕ್ಕೆ ಏಳು ನಿಮಿಷ. ಉಳಿದ ಆರು ನಿಮಿಷದಲ್ಲಿ ಒಂದು ಉದಾಹರಣೆ ನೀವು ಮಾಡಿ, ಒಂದನ್ನು ಅರ್ಧ ಮಾಡಿ ಉಳಿದರ್ಧ ಅವರಿಂದ ಹೇಳಿಸಿ. ಮೂರನೆಯ ಉದಾಹರಣೆ ಬೇಡ. ಮೂರನೆಯದನ್ನು ಮಗುವೇ ಮಾಡಬೇಕು.

ಹತ್ತನೇ ತರಗತಿ ಗಣಿತ

ಮೇಡಂ, ನನ್ನ ತರಗತಿಯಲ್ಲಿ ಕನ್ನಡ ಮಾಧ್ಯಮ ಮತ್ತು ಆಂಗ್ಲ ಮಾಧ್ಯಮದ ಮಕ್ಕಳು ಒಟ್ಟಿಗೆ ಕುಳಿತಿದ್ದಾರೆ. ಪ್ರತಿ ವಾಕ್ಯವನ್ನು ಎರಡು ಬಾರಿ ಹೇಳುತ್ತೇನೆ. ಏಳು ನಿಮಿಷ ಎಂದರೆ ನನಗೆ ಹನ್ನೆರಡಾಗುತ್ತದೆ.

ವಿಜ್ಞಾನ ವಿಷಯ ಬಳ್ಳಾರಿ

ಇದು ನಮ್ಮಲ್ಲೂ ಇದೆ. ನಾನು ಎರಡು ಬಾರಿ ಹೇಳುವುದನ್ನು ಬಿಟ್ಟಿದ್ದೇನೆ. ವಿವರಣೆ ಕನ್ನಡದಲ್ಲೇ, ಏಕೆಂದರೆ ಆಂಗ್ಲ ಮಾಧ್ಯಮದ ಮಕ್ಕಳೂ ಮನೆಯಲ್ಲಿ ಮಾತನಾಡುವುದು ಕನ್ನಡ ಅಥವಾ ಕನ್ನಡ ಅರ್ಥವಾಗುವ ಬೇರೆ ಭಾಷೆ. ಪಾರಿಭಾಷಿಕ ಪದಗಳನ್ನು ಮಾತ್ರ ಬೋರ್ಡಿನ ಬಲಬದಿಯಲ್ಲಿ ಎರಡೂ ಭಾಷೆಯಲ್ಲಿ ಬರೆದು ಪಿರಿಯಡ್ ಮುಗಿಯುವವರೆಗೆ ಒರೆಸದೆ ಬಿಡುತ್ತೇನೆ. ಗಣಿತದಲ್ಲಿ ಇನ್ನೂ ಸುಲಭ ಇರಬೇಕು, ಸಂಖ್ಯೆಗೆ ಮಾಧ್ಯಮವಿಲ್ಲ.

ಆದರೆ ನನ್ನ ಗೋಳು ಬೇರೆ. 40 ನಿಮಿಷದಲ್ಲಿ ಪ್ರಯೋಗ ಹೇಗೆ ಮಾಡಿಸುವುದು? ಆಮ್ಲ ಪ್ರತ್ಯಾಮ್ಲ ಪಾಠಕ್ಕೆ ಪ್ರನಾಳ ತೊಳೆದು ಜೋಡಿಸುವುದಕ್ಕೇ ಹತ್ತು ನಿಮಿಷ, ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಲು ಐದು. ಬಣ್ಣ ಬದಲಾಗುವುದನ್ನು ನೋಡಿ "ಓ" ಎಂದದ್ದೇ ಬಂತು, ಏಕೆ ಬದಲಾಯಿತು ಎಂಬ ಮಾತಿಗೆ ಮುಂಚೆಯೇ ಗಂಟೆ.

ಮುಳ್ಳಯ್ಯನಗಿರಿ

ಇದಕ್ಕೆ ವೇಳಾಪಟ್ಟಿಯೇ ಉತ್ತರ, ನೋಡಿ! ವಾರಕ್ಕೆ ಒಮ್ಮೆ ಎರಡು ಪಿರಿಯಡ್ ಜೋಡಿಸಿ ಕೊಡುತ್ತೇವೆ ನಮ್ಮಲ್ಲಿ. ಮಧ್ಯಾಹ್ನ ಬಿಸಿಯೂಟದ ನಂತರದ ಎರಡು ಪಿರಿಯಡ್ ಹಾಕಿದರೆ ಊಟದ ಬಿಡುವಿನಲ್ಲಿ ಸಾಮಾನು ಜೋಡಿಸಿಕೊಳ್ಳಬಹುದು.

ಸೀಮೆಸುಣ್ಣ

ಪ್ರಯೋಗದ ಬಗ್ಗೆ ನಾನು ಮಾತನಾಡುವುದಿಲ್ಲ, ಅದು ನನ್ನ ಕ್ಷೇತ್ರವಲ್ಲ. ಮುಳ್ಳಯ್ಯನಗಿರಿ ಅವರು ಹೇಳಿದ್ದು ಸರಿ ಎನಿಸುತ್ತದೆ.

ಅಭ್ಯಾಸದ 13 ನಿಮಿಷಕ್ಕೆ ಬರುತ್ತೇನೆ. ಮೂರು ಲೆಕ್ಕ, ಮೂರೇ. ಒಂದು: 5, 9, 13, ... ಇದರ 12ನೇ ಪದ. ಎರಡು: 30, 27, 24, ... ಇದರ 10ನೇ ಪದ. ಮೂರು: 50, 46, 42, ... ಇದರಲ್ಲಿ −2 ಎಷ್ಟನೇ ಪದ? ಮೊದಲನೆಯದನ್ನು ಎಲ್ಲರೂ ಮುಗಿಸಲೇಬೇಕು. ಎರಡನೆಯದನ್ನು ಹೆಚ್ಚಿನವರು ಮುಗಿಸುತ್ತಾರೆ. ಮೂರನೆಯದು ಬೇಗ ಮುಗಿಸಿದವರು ಗಲಾಟೆ ಮಾಡದಿರಲಿ ಎಂದು ಇಟ್ಟದ್ದು.

ಈ ಸಂಖ್ಯೆಗಳನ್ನು ಸುಮ್ಮನೆ ಆರಿಸಿಲ್ಲ. ಬೆಂಚುಗಳ ನಡುವೆ ನಡೆಯುವಾಗ ಒಂದೊಂದು ಮಗುವಿನ ಹೆಜ್ಜೆಗಳನ್ನು ಓದುತ್ತಾ ನಿಂತರೆ 13 ನಿಮಿಷದಲ್ಲಿ ಎಂಟು ಮಕ್ಕಳನ್ನು ನೋಡಬಹುದು, ಅಷ್ಟೇ. ಉತ್ತರ ಮಾತ್ರ ನೋಡಿ. ಮೊದಲ ಲೆಕ್ಕಕ್ಕೆ 49 ಬರಬೇಕು. 53 ಎಂದು ಬರೆದಿದ್ದರೆ ಆ ಮಗು 11 ಜಿಗಿತದ ಬದಲು 12 ಹಾಕಿದೆ. ಎರಡನೆಯದಕ್ಕೆ 3 ಬರಬೇಕು. 57 ಇದ್ದರೆ ಋಣ ಚಿಹ್ನೆ ಬಿಟ್ಟುಹೋಗಿದೆ, 0 ಇದ್ದರೆ ಮತ್ತೆ ಜಿಗಿತದ ತಪ್ಪು. ಬೇರೆ ಏನೋ ಸಂಖ್ಯೆ ಇದ್ದರೆ ಗುಣಾಕಾರ ಅಥವಾ ಕೂಡುವ ತಪ್ಪು, ಅದಕ್ಕೆ ನಿಲ್ಲಬೇಕಿಲ್ಲ. ಒಂದು ನೋಟ್‌ಬುಕ್ಕಿಗೆ ಐದು ಸೆಕೆಂಡು ಸಾಕು.

ತುಂಗಾತೀರ ಸರ್, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲ ನಾಲ್ಕು ನಿಮಿಷದಲ್ಲಿ ನಾನು ನೋಡಿದವರಲ್ಲಿ ಮೂವರಿಗೊಬ್ಬರು 53 ಬರೆದಿದ್ದರೆ ಅಲ್ಲೇ ಎಲ್ಲರನ್ನೂ ನಿಲ್ಲಿಸುತ್ತಿದ್ದೆ. ಮತ್ತೆ ಬಾಣದ ಗುರುತು, ಮತ್ತೆ ಜಿಗಿತದ ಎಣಿಕೆ, ಮೂರು ನಿಮಿಷ. ಆ ದಿನ ಮೂರನೇ ಲೆಕ್ಕ ರದ್ದು. ಆದರೆ 11:53 ಮಾತ್ರ ರದ್ದಾಗುತ್ತಿರಲಿಲ್ಲ.

ತುಂಗಾತೀರ

ಸಂಖ್ಯೆ ನೋಡಿ ತಪ್ಪು ಹಿಡಿಯುವ ಕ್ರಮ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ನಾಳೆಯೇ ಮಾಡುತ್ತೇನೆ ಬೇಕಾದರೆ. ಆದರೆ ಪ್ರತಿ ಪಾಠಕ್ಕೂ ಇಂಥ ಸಂಖ್ಯೆಗಳನ್ನು ಹೊಂದಿಸಿಕೊಂಡು ಹೋಗಲು ಶಿಕ್ಷಕನಿಗೆ ಸಮಯ ಎಲ್ಲಿದೆ? ಹಾಲು, ಮೊಟ್ಟೆ, ಬಿಸಿಯೂಟ, ಆನ್‌ಲೈನ್ ಮಾಹಿತಿ ತುಂಬುವುದು, ತರಬೇತಿ, ಜನಗಣತಿ, ಚುನಾವಣೆ.

ನಲಿಕಲಿ ಟೀಚರ್

ಪ್ರೌಢಶಾಲೆಯವರು ಪುಣ್ಯವಂತರು, ನಿಮಗೆ ಪಿರಿಯಡ್ ಎನ್ನುವುದಾದರೂ ಇದೆ. ಒಂದರಿಂದ ಮೂರರ ಮಕ್ಕಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡಿರುವ ನನಗೆ ಗಂಟೆ ಹೊಡೆಯುವುದು ಊಟಕ್ಕೆ ಮತ್ತು ಮನೆಗೆ. ಆದರೆ ಒಂದು ಹೇಳಬಲ್ಲೆ. ತಟ್ಟೆಯ ಗುಂಪು ಬದಲಿಸುವಾಗ ನಾನು ಬಾಯಲ್ಲಿ ಹೇಳುವುದಿಲ್ಲ, ಚಪ್ಪಾಳೆಯ ಒಂದು ತಾಳ ಇದೆ. ಅದು ಕೇಳಿದರೆ ಮಕ್ಕಳು ತಾವೇ ಏಳುತ್ತಾರೆ. ದೊಡ್ಡ ಮಕ್ಕಳಿಗೂ ಅಂಥದ್ದು ಏನಾದರೂ ಮಾಡಿಕೊಳ್ಳಿ. "ಸುಮ್ಮನಿರಿ, ಪುಸ್ತಕ ತೆಗೆಯಿರಿ, ಆ ಪುಸ್ತಕ ಅಲ್ಲ" ಎನ್ನುವುದರಲ್ಲೇ ಎರಡು ನಿಮಿಷ ಹೋಗುತ್ತದೆ.

ಕನ್ನಡ ಪಂಡಿತ

ಹತ್ತನೇ ತರಗತಿಯಲ್ಲಿ ಚಪ್ಪಾಳೆ ತಟ್ಟಿದರೆ ಅವರು ಸಿಳ್ಳೆ ಹಾಕುತ್ತಾರೆ.

ಹತ್ತನೇ ತರಗತಿ ಗಣಿತ

ಎಲ್ಲರಿಗೂ ಧನ್ಯವಾದ. ಈ ವಾರ ಸೀಮೆಸುಣ್ಣ ಮೇಡಂ ಹೇಳಿದಂತೆ ಮಾಡಿದೆ. ಅದೇ ಹುಡುಗಿ ಸಮಯ ಬರೆದಳು. ವರದಿ ಕೊಡುತ್ತೇನೆ.

ಪ್ರಶ್ನೆಯನ್ನು ಬೋರ್ಡಿಗೆ ಬರೆಯದೆ ಬಿಟ್ಟದ್ದರಿಂದ ಸಿಕ್ಕ ಸಮಯ ನಾನು ಎಣಿಸಿದ್ದಕ್ಕಿಂತ ಹೆಚ್ಚು. ಕೆಲವು ಮಕ್ಕಳಿಗೆ ಮೊದಲು ಕಸಿವಿಸಿಯಾಯಿತು, "ನೋಟ್ಸ್ ಪೂರ್ತಿ ಇರುವುದಿಲ್ಲ" ಎಂದರು. ಪ್ರಶ್ನೆಯ ಪುಟ ಸಂಖ್ಯೆ, ಲೆಕ್ಕದ ಸಂಖ್ಯೆ ಬರೆದುಕೊಳ್ಳಲು ಹೇಳಿದೆ. ಅಭ್ಯಾಸ 11:41ಕ್ಕೆ ಶುರುವಾಯಿತು, ಅಂದರೆ ಬಹುತೇಕ ಸರಿ. ಕೊಠಡಿಯಲ್ಲಿ 53 ಬಹಳ ಕಂಡಿತು. ವಿವರಣೆಯಲ್ಲಿ "ಹತ್ತೊಂಬತ್ತು" ಎಂದು ಜೋರಾಗಿ ಕೂಗಿದ ಹುಡುಗನ ನೋಟ್‌ಬುಕ್ಕಿನಲ್ಲೇ 5 + 12 × 4 ಇತ್ತು.

ಆದರೆ ಮರುನೋಟ ಮತ್ತೆ ಆಗಲಿಲ್ಲ. 11:53 ಆದಾಗ ಅರ್ಧ ತರಗತಿ ಎರಡನೇ ಲೆಕ್ಕದಲ್ಲಿತ್ತು. "ಒಂದು ನಿಮಿಷ ಮೇಡಂ, ಮುಗಿಯಿತು" ಎನ್ನುತ್ತಿದ್ದರು. ನಿಲ್ಲಿಸಲು ಮನಸ್ಸು ಬರಲಿಲ್ಲ. 11:59 ಆಯಿತು.

ಸೀಮೆಸುಣ್ಣ

ಕೂಗಿದ ಹುಡುಗನ ಕಥೆ ಎಲ್ಲ ತರಗತಿಯಲ್ಲೂ ಇದೆ. ನಾಲ್ವರು ಕೂಗಿದರೆ ಶಿಕ್ಷಕರಿಗೆ ನಲವತ್ತು ಜನ ಕೂಗಿದಂತೆ ಕೇಳಿಸುತ್ತದೆ.

ಅಭ್ಯಾಸ ನಿಲ್ಲಬೇಕಾದದ್ದು ಎಲ್ಲರದೂ ಮುಗಿದಾಗ ಅಲ್ಲ, ಗಡಿಯಾರ ಹೇಳಿದಾಗ. ಎಲ್ಲರದೂ ಮುಗಿಯುವ ಕ್ಷಣ ಯಾವ ತರಗತಿಯಲ್ಲೂ ಬರುವುದಿಲ್ಲ. ಮುಗಿಯದ ಎರಡನೇ ಲೆಕ್ಕವನ್ನೇ ಆ ದಿನದ ಮನೆಗೆಲಸ ಮಾಡಿ. ಅರ್ಧ ಮಾಡಿರುವ ಲೆಕ್ಕವನ್ನು ಮನೆಯಲ್ಲಿ ಪೂರ್ತಿ ಮಾಡುವುದು ಹೊಸ ಐದು ಲೆಕ್ಕ ಮಾಡುವುದಕ್ಕಿಂತ ಸುಲಭ, ನಕಲು ಮಾಡುವ ಅಗತ್ಯವೂ ಕಡಿಮೆ. ನಿಲ್ಲಿಸಲು ಮನಸ್ಸು ಬರದಿದ್ದರೆ ಆ ಕೆಲಸವನ್ನು ಗಡಿಯಾರ ನೋಡುವ ಹುಡುಗಿಗೇ ಕೊಡಿ. 11:51ಕ್ಕೆ ಅವಳು ಎದ್ದು "ಎರಡು ನಿಮಿಷ" ಎನ್ನಲಿ, 11:53ಕ್ಕೆ "ಪೆನ್ನು ಕೆಳಗೆ" ಎನ್ನಲಿ. ನಿಮ್ಮ ಮಾತಿಗೆ ಚೌಕಾಸಿ ಮಾಡುವ ಮಕ್ಕಳು ಅವಳ ಮಾತಿಗೆ ಮಾಡುವುದಿಲ್ಲ.

ಮರುನೋಟ ಎಂದರೆ ಪಾಠವನ್ನು ನೀವು ಮತ್ತೆ ಒಮ್ಮೆ ಹೇಳುವುದಲ್ಲ. ಪುಸ್ತಕ ಮುಚ್ಚಿಸಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದೇ ಲೆಕ್ಕ: 7, 4, 1, ... 11ನೇ ಪದ. ಎರಡೂವರೆ ನಿಮಿಷ. ಉತ್ತರ −23. 37 ಬಂದವರು ಕೈ ಎತ್ತಿ, −26 ಬಂದವರು ಕೈ ಎತ್ತಿ ಎಂದು ನೀವೇ ಕೇಳಿ, ಎರಡೂ ಎಲ್ಲಿಂದ ಬಂದವು ಎಂದು ಒಂದೊಂದು ವಾಕ್ಯದಲ್ಲಿ ಹೇಳಿ. ತಪ್ಪು ಉತ್ತರವನ್ನು ನೀವೇ ಮೊದಲು ಹೇಳಿದರೆ ಕೈ ಎತ್ತಲು ಮಕ್ಕಳಿಗೆ ನಾಚಿಕೆ ಕಡಿಮೆ. ಎತ್ತಿದ ಕೈಗಳ ಅಂದಾಜು ನಿಮಗೆ ಮರುದಿನದ 11:23ರ ಎರಡು ಲೆಕ್ಕ ಯಾವುವು ಎಂದು ಹೇಳುತ್ತದೆ. ತುಂಗಾತೀರ ಸರ್ ಕೇಳಿದ ತಯಾರಿಯ ಸಮಯವೂ ಹೀಗೆ ಅರ್ಧವಾಗುತ್ತದೆ.

ಹೊಸ ಮೇಷ್ಟ್ರು

ಕೊನೆಯಲ್ಲಿ ಪುಸ್ತಕ ಮುಚ್ಚಿ ಬರೆಸುವುದು ಪರೀಕ್ಷೆಯಂತಾಗುವುದಿಲ್ಲವೇ? ಪ್ರತಿದಿನ ಪರೀಕ್ಷೆ ಎಂದರೆ ಮಕ್ಕಳಿಗೆ ಭಯ.

ತರಬೇತಿ ಕಾಲೇಜಿನ ಮಾಸ್ತರ

ಅಂಕ ಬರೆಯದಿದ್ದರೆ ಭಯವಿಲ್ಲ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಬರೆಯುವುದು ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಅವರ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು. ಅವರು ಓದಿಸಿದ್ದು ಗದ್ಯ, ಓದಿದವರು ಕಾಲೇಜಿನವರು. ಗಣಿತಕ್ಕೆ ಅದನ್ನೇ ಅಳತೆಯಾಗಿ ಇಡಬೇಡಿ.

ಇಬ್ಬರು ಮಕ್ಕಳ ತಾಯಿ

ನನ್ನ ಮಗನಿಗೆ ಪರೀಕ್ಷೆಯ ಭಯಕ್ಕಿಂತ ಬೋರ್ಡಿನ ಹತ್ತಿರ ಕರೆದು ಬಿಡಿಸಲು ಹೇಳುವ ಭಯ ದೊಡ್ಡದು. ಕೊನೆಯ ಪುಟದಲ್ಲಿ ತಾನೊಬ್ಬನೇ ನೋಡಿಕೊಳ್ಳುವ ಲೆಕ್ಕ ಅವನಿಗೆ ಪರವಾಗಿಲ್ಲ ಎನಿಸುತ್ತದೆ.

ವಿಜ್ಞಾನ ವಿಷಯ ಬಳ್ಳಾರಿ

ಬೋರ್ಡಿಗೆ ಕರೆಯುವುದೂ ಸಮಯ ತಿನ್ನುತ್ತದೆ. ಒಬ್ಬ ನಾಲ್ಕು ನಿಮಿಷ ತಡಕಾಡುತ್ತಾನೆ, ಉಳಿದ ಐವತ್ತು ಜನ ಕಿಟಕಿ ನೋಡುತ್ತಾರೆ.

ತುಂಗಾತೀರ

ಸೀಮೆಸುಣ್ಣ ಮೇಡಂ ಪೋರ್ಷನ್ನಿನ ಮಾತಿಗೆ ಬರುತ್ತೇನೆ ಎಂದಿದ್ದರು, ಬರಲಿಲ್ಲ. ದಿನಕ್ಕೆ 13 ನಿಮಿಷ ಅಭ್ಯಾಸ, 5 ನಿಮಿಷ ಮರುನೋಟ ಎಂದರೆ ಹೊಸ ವಿಷಯಕ್ಕೆ 13 ಮಾತ್ರ. ನಾನು 30 ತೆಗೆದುಕೊಳ್ಳುತ್ತೇನೆ. ನನ್ನ ಅರ್ಧ ವೇಗದಲ್ಲಿ ಹೋಗಿ ನೀವು ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ ಯಾವಾಗ ಮುಗಿಸುತ್ತೀರಿ?

ಸೀಮೆಸುಣ್ಣ

ನೀವು 30 ನಿಮಿಷದಲ್ಲಿ ಬಿಡಿಸುವ ಐದು ಉದಾಹರಣೆಗಳಲ್ಲಿ ಮೂರನ್ನು ನಾನು ಮಕ್ಕಳಿಗೆ ಬಿಟ್ಟಿದ್ದೇನೆ, ಅಷ್ಟೇ ವ್ಯತ್ಯಾಸ. ವಿಷಯ ಕಡಿಮೆಯಾಗಿಲ್ಲ, ಬಿಡಿಸುವ ಕೈ ಬದಲಾಗಿದೆ. ಆದರೂ ಒಂದು ಅಧ್ಯಾಯಕ್ಕೆ ನನಗೆ ನಿಮಗಿಂತ ಒಂದೆರಡು ಪಿರಿಯಡ್ ಹೆಚ್ಚು ಹಿಡಿಯುತ್ತಿತ್ತು ಎಂಬುದನ್ನು ಅಲ್ಲಗಳೆಯುವುದಿಲ್ಲ. ಅದನ್ನು ಜನವರಿಯ ಪುನರಾವರ್ತನೆಯಿಂದ ಕಡಿತ ಮಾಡಿಕೊಳ್ಳುತ್ತಿದ್ದೆ. ಆಗ ಶ್ರೇಢಿಯನ್ನು ಮೊದಲಿನಿಂದ ಮತ್ತೆ ಹೇಳಬೇಕಾಗುತ್ತಿರಲಿಲ್ಲ.

ತುಂಗಾತೀರ

ಜನವರಿಯಲ್ಲಿ ನಿಮಗೆ ಉಳಿತಾಯವಾಗುತ್ತಿತ್ತೋ ಇಲ್ಲವೋ ಎನ್ನುವುದು ಮಕ್ಕಳ ಮೇಲೆ ನಿಂತಿದೆ. ನನ್ನ ತರಗತಿಯ ಕೆಲವರಿಗೆ 7 × 8 ಕೇಳಿದರೆ ಇವತ್ತೂ ಬೆರಳು ಎಣಿಸುತ್ತಾರೆ. ಅವರಿಗೆ ಮೊದಲ ಲೆಕ್ಕ ಮುಗಿಸಲು 13 ನಿಮಿಷ ಸಾಲದು. ಅಂಥವರಿಗೆ ನಾನು ಬೋರ್ಡಿನ ಮೇಲೆ ಮಾಡಿದ್ದನ್ನೇ ಬರೆದುಕೊಂಡರೆ ಪಾಸಾಗುವಷ್ಟು ಅಂಕವಾದರೂ ಬರುತ್ತದೆ. ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ.

ಹತ್ತನೇ ತರಗತಿ ಗಣಿತ

ಅದು ನನ್ನ ತರಗತಿಯಲ್ಲೂ ಇದೆ ಸರ್. ಅಂಥ ಐದಾರು ಮಕ್ಕಳಿಗೆ ಮಗ್ಗಿಯ ಚೀಟಿ ಬೆಂಚಿನ ಮೇಲೆ ಇಟ್ಟುಕೊಳ್ಳಲು ಬಿಟ್ಟೆ. ಜಿಗಿತ ಎಣಿಸಲು ಅವರಿಗೂ ಬಂತು, ಗುಣಿಸಲು ಚೀಟಿ ನೋಡಿದರು. ಇದು ಸರಿಯೋ ತಪ್ಪೋ ಇನ್ನೂ ತೀರ್ಮಾನಿಸಿಲ್ಲ, ಪರೀಕ್ಷೆಯಲ್ಲಂತೂ ಚೀಟಿ ಸಿಗುವುದಿಲ್ಲ.

ಮುಳ್ಳಯ್ಯನಗಿರಿ

ಒಂದು ಸಣ್ಣ ಮಾತು. ನಿಮ್ಮ ಮೂರು ನಿಮಿಷ ಕೊಠಡಿ ಬದಲಾವಣೆಗೆ ಹೋಗುತ್ತದೆ ಎಂದಿರಿ. ನಿಮಗಿಂತ ಮೊದಲಿನ ಪಿರಿಯಡ್ ಯಾರದು? ಅವರು 11:20ರ ಗಂಟೆಯ ನಂತರವೂ ಪಾಠ ಮುಂದುವರಿಸುತ್ತಿದ್ದಾರೆ ಎಂದರೆ ಅವರದೂ ನಿಮ್ಮದೇ ಕಥೆ.

ಹತ್ತನೇ ತರಗತಿ ಗಣಿತ

ಇಂಗ್ಲಿಷ್ ಸರ್. ಅವರ ಬೋರ್ಡಿನ ತುಂಬ ಪ್ರಶ್ನೋತ್ತರ ಇರುತ್ತದೆ, ಒರೆಸಲು ಬಿಡುವುದೇ ಇಲ್ಲ ಮಕ್ಕಳು. ನಾಳೆ ಸ್ಟಾಫ್ ರೂಮಿನಲ್ಲಿ ಬೋರ್ಡನ್ನು ಎರಡು ಭಾಗ ಮಾಡಿಕೊಳ್ಳೋಣ, ಬಲಗಡೆಯದನ್ನು ನನಗೆ ಖಾಲಿ ಬಿಡಿ ಎಂದು ಕೇಳಬೇಕೆಂದಿದ್ದೇನೆ.

ಕನ್ನಡ ಪಂಡಿತ

ಕೇಳಿ ನೋಡಿ. ನಾನು ಹಿಂದೆ ಹಾಗೆ ಕೇಳಿದ್ದಕ್ಕೆ ಸಮಾಜ ವಿಜ್ಞಾನದವರು ಎಡಗಡೆ ಭಾರತದ ನಕ್ಷೆ ಬರೆದು, ಶ್ರೀಲಂಕಾವನ್ನು ನನ್ನ ಕಡೆ ಬಿಟ್ಟಿದ್ದರು.